‘ಹಣ ಬಂತು’ ಎಂದು ಹೇಳಿದವರು ಯಾರು?

ಧಾರವಾಡದ ಒಂದು ಸಣ್ಣ ಪ್ರಕಾಶನ ಆನ್‌ಲೈನ್‌ನಲ್ಲಿ ಪುಸ್ತಕ ಮಾರುತ್ತಿದೆ ಎಂದಿಟ್ಟುಕೊಳ್ಳಿ. ಭದ್ರಾವತಿಯ ಓದುಗರೊಬ್ಬರು 850 ರೂಪಾಯಿಯ ಪುಸ್ತಕ ಆರಿಸಿ, ಯುಪಿಐ ಮೂಲಕ ಹಣ ಕಟ್ಟುತ್ತಾರೆ. ಆ ಹಣ ಪ್ರಕಾಶನದ ವೆಬ್‌ಸೈಟನ್ನು ಹಾದು ಹೋಗುವುದಿಲ್ಲ. ನಡುವೆ ಪೇಮೆಂಟ್ ಗೇಟ್‌ವೇ ಎಂಬ ಸಂಸ್ಥೆ ಇರುತ್ತದೆ. ಬೆಂಗಳೂರಿನ ರೇಜರ್‌ಪೇ ಅಂಥದ್ದು. ಹಣ ಸೇರಿದ ಕೂಡಲೇ ಗೇಟ್‌ವೇ ಪ್ರಕಾಶನದ ಸರ್ವರ್‌ಗೆ, ಮೊದಲೇ ಕೊಟ್ಟಿದ್ದ ವಿಳಾಸಕ್ಕೆ, ಒಂದು ಸಂದೇಶ ಕಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಸಂದೇಶದ ತಿರುಳು ಹೀಗಿರುತ್ತದೆ:

```json
{"event":"payment.captured", ...
 "id":"pay_ABC123", "order_id":"order_XYZ789",
 "amount":85000, "currency":"INR", "status":"captured"}
```

ಮೊತ್ತವನ್ನು ಪೈಸೆಯಲ್ಲಿ ಬರೆಯುವುದು ವಾಡಿಕೆ. 85000 ಎಂದರೆ 850 ರೂಪಾಯಿ. ಇದು ಬಂದರೆ ಆರ್ಡರ್ ‘ಪಾವತಿಯಾಗಿದೆ’ ಎಂದು ದಾಖಲಾಗುತ್ತದೆ, ಪುಸ್ತಕ ಪಾರ್ಸೆಲ್ ಆಗುತ್ತದೆ.

ತೊಂದರೆ ಇರುವುದು ಆ ವಿಳಾಸದಲ್ಲೇ. ಗೇಟ್‌ವೇ ತಲುಪಬೇಕಾದರೆ ಅದು ಇಂಟರ್‌ನೆಟ್‌ನಲ್ಲಿ ತೆರೆದೇ ಇರಬೇಕು. ಗೇಟ್‌ವೇಗೆ ತೆರೆದದ್ದು ಉಳಿದವರಿಗೂ ತೆರೆದಂತೆ. ವಿಳಾಸ ಊಹಿಸಬಲ್ಲ ಯಾರಾದರೂ ಮೇಲಿನಂಥ ನಾಲ್ಕು ಸಾಲು ಟೈಪ್ ಮಾಡಿ ಕಳಿಸಬಹುದು. ಪರಿಶೀಲನೆ ಇಲ್ಲದಿದ್ದರೆ ಒಂದು ಪೈಸೆಯೂ ಬಾರದೆ ಪುಸ್ತಕ ಹೊರಟುಹೋಗುತ್ತದೆ. ಎಚ್‌ಟಿಟಿಪಿಎಸ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ದಾರಿಯಲ್ಲಿ ಯಾರೂ ಇಣುಕದಂತೆ ಕಾಯುತ್ತದೆ, ಅಷ್ಟೇ. ಕಳಿಸಿದವರು ಯಾರು ಎಂದು ಅದು ಹೇಳುವುದಿಲ್ಲ.

ಅದನ್ನು ಹೇಳುವುದು ಸಹಿ. ವೆಬ್‌ಹುಕ್ ಹೊಂದಿಸುವಾಗ ಪ್ರಕಾಶನದವರು ಒಂದು ಗುಪ್ತಪದವನ್ನು ಗೇಟ್‌ವೇಯಲ್ಲಿ ನಮೂದಿಸಿ, ತಮ್ಮ ಸರ್ವರ್‌ನಲ್ಲೂ ಇಟ್ಟುಕೊಳ್ಳುತ್ತಾರೆ. ಗೇಟ್‌ವೇ ಪ್ರತಿ ಸಂದೇಶವನ್ನೂ ಆ ಗುಪ್ತಪದದೊಂದಿಗೆ ಬೆರೆಸಿ ಲೆಕ್ಕ ಹಾಕಿ, 64 ಅಕ್ಷರ-ಅಂಕಿಗಳ ಒಂದು ಸಾಲನ್ನು ಪಡೆದು, ಅದನ್ನು `X-Razorpay-Signature` ಎಂಬ ಹೆಡರ್‌ನಲ್ಲಿ ಜೊತೆಗೆ ಕಳಿಸುತ್ತದೆ. ಈ ಲೆಕ್ಕದ ಹೆಸರು ಎಚ್‌ಮ್ಯಾಕ್. 1997ರಲ್ಲಿ ಆರ್‌ಎಫ್‌ಸಿ 2104 ಎಂಬ ದಾಖಲೆಯಾಗಿ ಪ್ರಕಟವಾದ ವಿಧಾನ. ಸಂದೇಶದಲ್ಲಿ ಒಂದು ಅಂಕಿ ಬದಲಾದರೂ ಸಹಿ ಪೂರ್ತಿ ಬೇರೆಯಾಗುತ್ತದೆ. ಗುಪ್ತಪದ ಗೊತ್ತಿಲ್ಲದವರು ಸರಿಯಾದ ಸಹಿ ಹುಟ್ಟಿಸಲಾರರು. ನಮ್ಮ ಸರ್ವರ್ ಅದೇ ಲೆಕ್ಕವನ್ನು ತಾನೂ ಮಾಡಿ ಹೋಲಿಸಿದರೆ ಸಾಕು:

```python
expected = hmac.new(secret, raw_body, hashlib.sha256).hexdigest()
ok = hmac.compare_digest(expected, received)
```

ಕೊನೆಯ ಸಾಲಿನಲ್ಲಿ ಮಾಮೂಲಿ `==` ಬದಲು `compare_digest` ಬಳಸಿರುವುದಕ್ಕೆ ಕಾರಣವಿದೆ. ಮಾಮೂಲಿ ಹೋಲಿಕೆ ಮೊದಲ ವ್ಯತ್ಯಾಸ ಕಂಡಲ್ಲೇ ನಿಂತುಬಿಡಬಹುದು. ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನು ಅಳೆದು ಸಹಿಯನ್ನು ಒಂದೊಂದೇ ಅಕ್ಷರವಾಗಿ ಊಹಿಸುವ ದಾಳಿಗೆ ಅದು ಎಡೆ ಕೊಡುತ್ತದೆ.

ಈ ಎರಡು ಸಾಲಿನಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು `raw_body`. ಸಂದೇಶ ಬಂದಾಗ ಹೇಗಿತ್ತೋ ಹಾಗೇ, ಬೈಟ್‌ಗೆ ಬೈಟ್, ಲೆಕ್ಕಕ್ಕೆ ಕೊಡಬೇಕು. ಎಷ್ಟೋ ವೆಬ್ ಚೌಕಟ್ಟುಗಳು ಬಂದ ಜೇಸನ್ ಅನ್ನು ತಾವಾಗಿಯೇ ಬಿಡಿಸಿ ಕೈಗಿಡುತ್ತವೆ. ಅದನ್ನು ಮತ್ತೆ ಜೇಸನ್ ಮಾಡಿ ಸಹಿ ನೋಡಲು ಹೋದರೆ ಎಡವಟ್ಟು ಶುರುವಾಗುತ್ತದೆ. ಗ್ರಾಹಕರು ಹೆಸರನ್ನು ಕನ್ನಡದಲ್ಲಿ ಬರೆದಿದ್ದಾರೆ, ಸಂದೇಶದಲ್ಲೂ ಅದು ಕನ್ನಡ ಅಕ್ಷರವಾಗಿಯೇ ಬಂದಿದೆ ಎನ್ನಿ. ಪಿಎಚ್‌ಪಿಯ `json_encode`, ಬೇರೆ ಸೂಚನೆ ಕೊಡದಿದ್ದರೆ, ‘ಕ’ ಅಕ್ಷರವನ್ನು `\u0c95` ಎಂದು ಬರೆಯುತ್ತದೆ. ಅರ್ಥ ಒಂದೇ, ಬೈಟ್‌ಗಳು ಬೇರೆ, ಹಾಗಾಗಿ ಸಹಿ ತಾಳೆಯಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಹೆಸರು ಬರೆದವರ ಆರ್ಡರ್‌ಗಳೆಲ್ಲ ಸರಾಗವಾಗಿ ಹೋಗಿ, ಕನ್ನಡದಲ್ಲಿ ಬರೆದವರದ್ದು ಮಾತ್ರ ತಿರಸ್ಕೃತವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕಾರಣ ಹೊಳೆಯದ ಪ್ರೋಗ್ರಾಮರ್, ಗ್ರಾಹಕರ ದೂರಿನ ಒತ್ತಡದಲ್ಲಿ, ‘ಸದ್ಯಕ್ಕೆ ಇರಲಿ’ ಎಂದು ಪರಿಶೀಲನೆಯನ್ನೇ ತೆಗೆದುಬಿಡುತ್ತಾನೆ. ಬಾಗಿಲು ಮತ್ತೆ ತೆರೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ.

ಸಹಿ ಸರಿಯಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚೆಕ್ಕಿನ ಮೇಲಿನ ಸಹಿ ಅಸಲಿಯಾದರೂ ಅದೇ ಚೆಕ್ಕಿಗೆ ಬ್ಯಾಂಕು ಎರಡು ಸಲ ಹಣ ಕೊಡುವುದಿಲ್ಲ. ಇಲ್ಲೂ ಅಷ್ಟೇ: ಸಂದೇಶ ಬರೆದವರು ಯಾರೆಂದು ಸಹಿ ಹೇಳುತ್ತದೆ, ಅದು ಎಷ್ಟನೇ ಸಲ ಬರುತ್ತಿದೆ ಎಂದು ಹೇಳುವುದಿಲ್ಲ. ಸರ್ವರ್‌ನ ಲಾಗ್‌ನಲ್ಲೋ, ಪರೀಕ್ಷೆಗೆಂದು ಬಳಸಿದ ಯಾವುದೋ ಜಾಲತಾಣದಲ್ಲೋ ಸಂದೇಶ ಮತ್ತು ಸಹಿ ಎರಡೂ ಉಳಿದಿದ್ದರೆ, ಕೈಗೆ ಸಿಕ್ಕಿದವರು ಅದನ್ನು ಹಾಗೇ ಮತ್ತೆ ಕಳಿಸಬಹುದು. ಕೇಡು ಬಯಸುವವರೇ ಬೇಕೆಂದಿಲ್ಲ. ನಮ್ಮ ಸರ್ವರ್ ಬೇಗ ಉತ್ತರ ಕೊಡದಿದ್ದರೆ ಸಂದೇಶ ತಲುಪಲಿಲ್ಲವೆಂದು ತಿಳಿದು ಗೇಟ್‌ವೇಯೇ ಮತ್ತೆ ಕಳಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರೇಜರ್‌ಪೇ ಪ್ರತಿ ಘಟನೆಗೂ ಒಂದು ಗುರುತುಸಂಖ್ಯೆಯನ್ನು `x-razorpay-event-id` ಹೆಡರ್‌ನಲ್ಲಿ ಕಳಿಸುತ್ತದೆ. ಗೇಟ್‌ವೇ ತಾನಾಗಿ ಎರಡನೇ ಸಲ ಕಳಿಸಿದ್ದನ್ನು ಗುರುತಿಸಲು ಅದು ಚೆನ್ನ. ಆದರೆ ಸಹಿ ಕಾಯುವುದು ಸಂದೇಶದ ಒಡಲನ್ನು ಮಾತ್ರ, ಹೆಡರ್‌ಗಳನ್ನಲ್ಲ. ಹಳೆಯ ಸಂದೇಶಕ್ಕೆ ಹೊಸ ಗುರುತುಸಂಖ್ಯೆ ಅಂಟಿಸಿ ಕಳಿಸಿದರೂ ಸಹಿ ತಾಳೆಯಾಗುತ್ತದೆ. ಆದ್ದರಿಂದ ಗಟ್ಟಿಯಾಗಿ ನಂಬಬೇಕಾದದ್ದು ಒಡಲೊಳಗಿನ `pay_ABC123` ಎಂಬ ಪಾವತಿಸಂಖ್ಯೆಯನ್ನು. ಡೇಟಾಬೇಸ್‌ನಲ್ಲಿ ಆ ಸಂಖ್ಯೆ ಒಮ್ಮೆ ಮಾತ್ರ ದಾಖಲಾಗುವಂತೆ ಯೂನಿಕ್ ನಿಬಂಧನೆ ಹಾಕಬೇಕು. ‘ಮೊದಲೇ ಇದೆಯೇ’ ಎಂದು ನೋಡಿ ಆಮೇಲೆ ಬರೆಯುವುದು ಸಾಲದು. ಒಂದೇ ಕ್ಷಣಕ್ಕೆ ಬಂದ ಎರಡು ಸಂದೇಶಗಳಿಗೂ ‘ಇಲ್ಲ’ ಎಂಬ ಉತ್ತರವೇ ಸಿಕ್ಕಿಬಿಡಬಹುದು.

ಅಮೆರಿಕದ ಸ್ಟ್ರೈಪ್ ಬೇರೆ ದಾರಿಯನ್ನೂ ಹಿಡಿದಿದೆ. ಕಳಿಸಿದ ಸಮಯವನ್ನೂ ಸೇರಿಸಿಯೇ ಅದು ಸಹಿ ಹಾಕುತ್ತದೆ. ಐದು ನಿಮಿಷಕ್ಕಿಂತ ಹಳೆಯದಾದರೆ ಅದರ ಲೈಬ್ರರಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಐದು ನಿಮಿಷದೊಳಗೆ ಮರುಕಳಿಸಿದ್ದನ್ನು ಸಮಯ ತಡೆಯಲಾರದು. ದಾಖಲೆ ಅಲ್ಲೂ ಬೇಕು.

ಇನ್ನು ಉಳಿದದ್ದು, ಅಸಲಿ ಸಂದೇಶ ಬೇರೆ ಯಾವುದೋ ಪಾವತಿಯದ್ದಾಗಿರುವುದು. ಒಬ್ಬಾತ ನಿಜವಾಗಿ 50 ರೂಪಾಯಿಯ ಪುಸ್ತಕಕ್ಕೆ ಹಣ ಕಟ್ಟುತ್ತಾನೆ. ಪಾವತಿ ಮುಗಿದ ಮೇಲೆ ಅವನ ಬ್ರೌಸರ್ ಆರ್ಡರ್‌ಸಂಖ್ಯೆ, ಪಾವತಿಸಂಖ್ಯೆ, ಸಹಿ ಮೂರನ್ನೂ ಹೊತ್ತು ಪ್ರಕಾಶನದ ಪುಟಕ್ಕೆ ಮರಳುತ್ತದೆ. ಈ ಸಹಿಯಲ್ಲಿ ಮೊತ್ತವೇ ಇರುವುದಿಲ್ಲ. ಆ ಮೂರನ್ನು ನಕಲು ಮಾಡಿಕೊಂಡು, 850ರ ಆರ್ಡರ್‌ನ ಕೊನೆಯಲ್ಲಿ ಕಳಿಸುತ್ತಾನೆ. ಬ್ರೌಸರ್ ಕೊಟ್ಟ ಆರ್ಡರ್‌ಸಂಖ್ಯೆಯನ್ನೇ ನಂಬಿ ಲೆಕ್ಕ ಹಾಕಿದರೆ ಸಹಿ ಸರಿಯಾಗಿಯೇ ಬರುತ್ತದೆ, ದುಬಾರಿ ಪುಸ್ತಕವೂ ಹೊರಡುತ್ತದೆ. ಅದಕ್ಕೇ ಆರ್ಡರ್‌ಸಂಖ್ಯೆಯನ್ನು ನಮ್ಮ ಡೇಟಾಬೇಸ್‌ನಿಂದಲೇ ತೆಗೆಯಬೇಕು. ವೆಬ್‌ಹುಕ್ ಬಂದಾಗಲೂ ಮೊತ್ತ 85000 ಇದೆಯೇ, ನಾಣ್ಯ `INR` ಹೌದೇ, ಸ್ಥಿತಿ `captured` ಆಗಿದೆಯೇ ಎಂದು ನಮ್ಮ ಆರ್ಡರ್‌ನೊಂದಿಗೆ ತಾಳೆ ನೋಡಬೇಕು. ಅನುಮಾನ ಬಂದರೆ ಪಾವತಿಸಂಖ್ಯೆ ಹಿಡಿದು ನಮ್ಮ ಸರ್ವರ್‌ನಿಂದ ನಾವೇ ಗೇಟ್‌ವೇಯನ್ನು ಕೇಳಬಹುದು.

ಇಷ್ಟೆಲ್ಲ ನಿಂತಿರುವುದು ಗುಪ್ತಪದದ ಮೇಲೆ. ಅದು ಕೋಡ್‌ನೊಳಗೆ ಸೇರಿ ಗಿಟ್‌ಹಬ್‌ಗೆ ಹೋದರೆ, ಓದಿದ ಯಾರೂ ಅಸಲಿ ಸಹಿ ಹಾಕಬಲ್ಲರು, ಪತ್ತೆ ಹಚ್ಚಲು ದಾರಿಯೂ ಇರುವುದಿಲ್ಲ. ಸೋರಿದೆ ಎನಿಸಿದ ದಿನವೇ ಬದಲಾಯಿಸಬೇಕು.

ಆನ್‌ಲೈನ್‌ನಲ್ಲಿ ಏನನ್ನಾದರೂ ಮಾರುತ್ತಿದ್ದರೆ, ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೂರಿಸಿಕೊಂಡು, ಗೇಟ್‌ವೇಯ ಟೆಸ್ಟ್ ಮೋಡ್‌ನಲ್ಲಿ ಎರಡು ಪರೀಕ್ಷೆ ಮಾಡಿಸಿ. ಮೊದಲನೆಯದು, ಸಹಿಯಿಲ್ಲದ ಸಂದೇಶವನ್ನು ವೆಬ್‌ಹುಕ್ ವಿಳಾಸಕ್ಕೆ ಕಳಿಸುವುದು. 400 ಎಂಬ ನಿರಾಕರಣೆ ಬರಬೇಕು, ಆರ್ಡರ್ ಬಾಕಿಯಾಗಿಯೇ ಉಳಿಯಬೇಕು. ಎರಡನೆಯದು, ಸರಿಯಾದ ಸಹಿಯ ಒಂದೇ ಸಂದೇಶವನ್ನು, ಗುರುತುಸಂಖ್ಯೆಯ ಹೆಡರ್ ಬದಲಾಯಿಸಿ, ಎರಡು ಸಲ ಕಳಿಸುವುದು. ಪಾರ್ಸೆಲ್ ಒಂದೇ ಸಿದ್ಧವಾಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ, ಸರಿಪಡಿಸುವವರೆಗೆ ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ಹಣ ಬಂದದ್ದನ್ನು ಕಣ್ಣಾರೆ ನೋಡದೆ ಯಾವ ಪಾರ್ಸೆಲ್ಲನ್ನೂ ಕಳಿಸಬೇಡಿ.