ಶುಭಾರಂಭದ ಕರೆಯೋಲೆ ತಿದ್ದುವ ಕೆಲಸ

ಬೈಕುಲ್ಲಾ ಪಶ್ಚಿಮದಲ್ಲಿ ಊರಿನ ಸಾಮಾನಿನ ಅಂಗಡಿಯೊಂದು ತೆರೆಯಲಿದೆ ಎಂದುಕೊಳ್ಳೋಣ. ಕುಚ್ಚಲಕ್ಕಿ, ಗಾಣದ ತೆಂಗಿನೆಣ್ಣೆ, ಹಲಸಿನ ಹಪ್ಪಳ, ಉಪ್ಪಿನಕಾಯಿ. ಪ್ರೆಸ್ಸಿಗೆ ಹೋಗುವ ಮೊದಲ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ‘ಮುಂಬಯಿಯ ನಂಬರ್ ಒನ್ ಮಳಿಗೆ! ಭಾನುವಾರ ಬೆಳಿಗ್ಗೆ ಶುಭ ಮುಹೂರ್ತದಲ್ಲಿ ಉದ್ಘಾಟನೆ. ಎಲ್ಲ ವಸ್ತುಗಳಿಗೆ 50% ವರೆಗೆ ರಿಯಾಯಿತಿ. ಬಂದವರಿಗೆಲ್ಲ ಉಚಿತ ಉಡುಗೊರೆ. ಸಕುಟುಂಬ ಸಪರಿವಾರ ಆಗಮಿಸಿ.’ ಇದರಲ್ಲಿ ಉತ್ಸಾಹವೇನೋ ಇದೆ. ಆದರೆ ಡೊಂಬಿವಿಲಿಯಿಂದ ಲೋಕಲ್ ಹಿಡಿದು ಬರುವವರಿಗೆ ಬೇಕಾದ ಒಂದು ಮಾತೂ ಇಲ್ಲ.

ತಿದ್ದುವವರು ಮೊದಲು ಕೈ ಹಾಕುವುದು ಸಮಯಕ್ಕೆ. ಮುಹೂರ್ತ ಬೇರೆ, ಅತಿಥಿಗಳು ಬರಬೇಕಾದ ಹೊತ್ತು ಬೇರೆ. ಬೆಳಿಗ್ಗೆ 7ರ ಗಣಹೋಮ ಮನೆಯವರದು. ಕರೆದವರು ಇರಬೇಕಾದದ್ದು 10.30ಕ್ಕೆ ದೀಪ ಬೆಳಗುವಾಗ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಅರ್ಧ ಜನ ಏಳಕ್ಕೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಉಡುಪಿಯ ಪಂಚಾಂಗ ನೋಡಿ ಊರಿನ ಪುರೋಹಿತರು ಕೊಟ್ಟ ಲಗ್ನದ ಹೊತ್ತು ಮುಂಬಯಿಗೆ ಸರಿಹೊಂದುವುದಿಲ್ಲ. ಮುಂಬಯಿ ಸುಮಾರು ಎರಡು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 8 ನಿಮಿಷ ತಡ. ಮುಹೂರ್ತವನ್ನು ನಿಮಿಷ ಸಮೇತ ಅಚ್ಚು ಹಾಕಿಸುವವರು ಮುಂಬಯಿಗೇ ಲೆಕ್ಕ ಹಾಕಿಸಿಕೊಳ್ಳಬೇಕು.

ದಾರಿಯೂ ಸಮಯದ ಮಾತೇ. ಭಾನುವಾರ ಸೆಂಟ್ರಲ್ ರೈಲ್ವೆಯಲ್ಲಿ ಮೆಗಾ ಬ್ಲಾಕ್ ಇರುವುದು ಮಾಮೂಲು. ಹಾರ್ಬರ್ ಲೈನ್ ಬೈಕುಲ್ಲಾಕ್ಕೆ ಬರುವುದೇ ಇಲ್ಲ. ನವಿ ಮುಂಬಯಿಯವರು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಅಂಧೇರಿ, ಬೊರಿವಲಿ ಕಡೆಯವರಿಗೆ ದಾದರ್. ಇವರೆಲ್ಲ ಹೇಳಿದ ಗಂಟೆಗೆ ಮುಟ್ಟುವುದು ಕಷ್ಟ. ಆದ್ದರಿಂದ ಒಂದು ಗಂಟೆಯನ್ನು ಮಾತ್ರ ಬರೆಯದೆ, ಉದ್ಘಾಟನೆಯ ನಂತರ ಎಷ್ಟು ಹೊತ್ತಿನವರೆಗೆ ಬರಬಹುದು ಎಂಬುದನ್ನೂ ಬರೆಯಬೇಕು. ಜತೆಗೆ ‘ಪಶ್ಚಿಮ’ ಎಂಬ ಪದ ವಿಳಾಸದಲ್ಲಿ ಎದ್ದು ಕಾಣಬೇಕು. ಪೂರ್ವಕ್ಕೆ ಇಳಿದವರು ರಾಣಿಬಾಗ್ ಕಡೆ ನಡೆದುಬಿಡುತ್ತಾರೆ.

ಇನ್ನು ರಿಯಾಯಿತಿ. ಇಲ್ಲಿ ಪೆನ್ನಿಗಿಂತ ಮೊದಲು ಗೋದಾಮಿನ ಲೆಕ್ಕ ಬೇಕು. ಎಣ್ಣೆಯ ಬಾಟಲಿ ಇರುವುದು ನೂರು ಎನ್ನಿ. ಮನೆಗೊಂದರಂತೆ ಕೊಟ್ಟರೆ ನೂರು ಮನೆಗೆ ಸಾಕು. ಮಿತಿ ಹೇಳದಿದ್ದರೆ ಮೊದಲು ಬಂದ ಇಪ್ಪತ್ತು ಮಂದಿಯೇ ಐದೈದು ಒಯ್ದಾರು. ‘50% ವರೆಗೆ’ ಎಂಬುದು ಬರಿಯ ಹಪ್ಪಳದ ಒಂದು ಕಟ್ಟಿಗೆ ಅನ್ವಯಿಸುವುದಾದರೆ, ಅಕ್ಕಿ ಕೊಳ್ಳಲು ಬಂದವರಿಗೆ ಅದು ಮೋಸದಂತೆ ಕಾಣುತ್ತದೆ, ಕಾಣಬೇಕಾದದ್ದೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸರಕು ಸೀಮಿತವಾಗಿದ್ದರೆ ಜಾಹೀರಾತಿನಲ್ಲೇ ತಿಳಿಸಬೇಕು, ಷರತ್ತು ಇರಬೇಕಾದದ್ದು ಹೇಳಿಕೆಯ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ. ಕನ್ನಡದಲ್ಲಿ ಉಡುಗೊರೆ, ತಳದಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಷರತ್ತು ಎಂಬ ಹಳೆಯ ಅಭ್ಯಾಸ ಬಿಡಲೇಬೇಕು. ಅಕ್ಕಪಕ್ಕದವರಿಗೆಂದು ಮರಾಠಿ, ಹಿಂದಿಯಲ್ಲಿ ಅಚ್ಚು ಮಾಡಿಸುವ ಕಾರ್ಡಿನಲ್ಲೂ ರಿಯಾಯಿತಿಯ ಸಾಲು ಒಂದೇ ಆಗಿರಲಿ.

ಕಾರ್ಡು ವಾಟ್ಸಾಪಿನಲ್ಲಿ ತಿಂಗಳುಗಟ್ಟಲೆ ಓಡಾಡುತ್ತದೆ. ಕೊಡುಗೆಯ ಪಕ್ಕದಲ್ಲೇ ತಾರೀಕು, ಇಸವಿ ಇಲ್ಲದಿದ್ದರೆ ದೀಪಾವಳಿಗೆ ಯಾರೋ ಅದನ್ನೇ ತೋರಿಸಿ ಕೇಳುತ್ತಾರೆ.

ಆತ್ಮೀಯತೆಯನ್ನು ನಾನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮೇಲಿನದು ಸರಿಯಾದರೆ ಅದಕ್ಕೆ ಜಾಗ ತಾನೇ ಸಿಗುತ್ತದೆ. ‘ನಂಬರ್ ಒನ್’ ಹೋಗಲಿ, ಅಂಗಡಿ ಏಕೆ ತೆರೆದೆವು ಎಂಬುದು ಬರಲಿ. ತಿದ್ದಿದ ಮೇಲೆ ಹೀಗೆ, ಕೊಡುಗೆಯ ಪಕ್ಕದಲ್ಲಿ ನಿಮ್ಮ ತಾರೀಕು, ಇಸವಿ ಸೇರಿಸಿಕೊಳ್ಳಿ:

‘ಆತ್ಮೀಯರೇ, ನಮ್ಮ ಹಿರಿಯರು ಊರಿಗೆ ಹೋದಾಗಲೆಲ್ಲ ಗಂಟು ಕಟ್ಟಿ ತರುತ್ತಿದ್ದ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಪ್ಪಳ ಇನ್ನು ಇಲ್ಲೇ ಸಿಗಲೆಂದು ಬೈಕುಲ್ಲಾ ಪಶ್ಚಿಮದಲ್ಲಿ ಚಿಕ್ಕ ಅಂಗಡಿ ತೆರೆಯುತ್ತಿದ್ದೇವೆ. ಭಾನುವಾರ ಬೆಳಿಗ್ಗೆ 10.30ಕ್ಕೆ ಅಮ್ಮ ದೀಪ ಬೆಳಗುತ್ತಾರೆ. ಮಧ್ಯಾಹ್ನ 1ರವರೆಗೆ ಉಪಾಹಾರವಿದೆ. ರೈಲು ತಡವಾದರೆ ಚಿಂತೆ ಬೇಡ, ರಾತ್ರಿ 8ರವರೆಗೆ ನಾವು ಅಲ್ಲೇ ಇರುತ್ತೇವೆ. ಅಂದು ಒಂದು ದಿನ ಅಕ್ಕಿ, ಎಣ್ಣೆಗೆ 10% ರಿಯಾಯಿತಿ. ಎಣ್ಣೆ ಮನೆಗೊಂದು ಬಾಟಲಿ, ಇರುವುದು ನೂರು. ಕೊಳ್ಳಲೇಬೇಕೆಂದಿಲ್ಲ, ಬಂದು ಹರಸಿ.’

ಅಚ್ಚಿಗೆ ಕೊಡುವ ಮುನ್ನ ಇದನ್ನು ಗಲ್ಲಾದಲ್ಲಿ ಕೂರುವವರಿಗೆ ಒಮ್ಮೆ ಓದಿ ಹೇಳಿ. ಆಮೇಲೆ ವಿಷಯ ಗೊತ್ತಿಲ್ಲದ ನೆಂಟರೊಬ್ಬರಿಗೆ ಕಳಿಸಿ, ಎಷ್ಟು ಹೊತ್ತಿಗೆ ಬರುತ್ತೀರಿ, ಏನು ಸಿಗುತ್ತದೆ ಅಂದುಕೊಂಡಿರಿ ಎಂದು ಕೇಳಿ. ಅವರ ಉತ್ತರ ಎಲ್ಲಿ ತಪ್ಪುತ್ತದೋ ಆ ಸಾಲನ್ನು ಮತ್ತೆ ಬರೆಯಿರಿ.