ಪರದೆಯ ಕೆಳಗೆ ಅವಿತುಕೊಳ್ಳುವ ಬಟನ್

ಮೊಬೈಲಿನಲ್ಲಿ ಲಾಗಿನ್ ಪುಟ ತೆರೆದಿದೆ. ನಂಬರ್ ತುಂಬುವ ಜಾಗ ಕಾಣುತ್ತಿದೆ, ಆದರೆ ‘ಮುಂದುವರಿಯಿರಿ’ ಎಂಬ ಬಟನ್ ಎಲ್ಲೂ ಇಲ್ಲ. ಪುಟವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಬ್ರೌಸರಿನ ಅಡ್ರೆಸ್ ಬಾರ್ ಮರೆಯಾಗುತ್ತದೆ, ಬಟನ್ ಪೂರ್ತಿ ಕಾಣುತ್ತದೆ. ತಳ್ಳಿ ನೋಡಬೇಕೆಂದು ಹೊಳೆಯದವರು ಅಲ್ಲೇ ನಿಂತುಬಿಡುತ್ತಾರೆ.

ಇದರ ಮೂಲ ಇರುವುದು `100vh` ಎಂಬ ಅಳತೆಯಲ್ಲಿ. ‘ಪರದೆಯ ಪೂರ್ತಿ ಎತ್ತರ’ ಎಂಬ ಅರ್ಥದಲ್ಲಿ ವಿನ್ಯಾಸಕಾರರು ಇದನ್ನು ಬಳಸುತ್ತಾರೆ. ಮೊಬೈಲ್ ಬ್ರೌಸರುಗಳು ಮಾತ್ರ ಅಡ್ರೆಸ್ ಬಾರ್ ಮರೆಯಾದಾಗ ಸಿಗುವ ದೊಡ್ಡ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಪುಟ ತೆರೆದಾಗ ಬಾರ್ ಇದ್ದೇ ಇರುತ್ತದೆ. ಹಾಗಾಗಿ ಅಷ್ಟು ಭಾಗ ಪರದೆಯಿಂದ ಕೆಳಗೆ ಜಾರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬಾರ್ ಇಲ್ಲದಾಗ ಎತ್ತರ 750 ಪಿಕ್ಸೆಲ್, ಬಾರಿನ ಎತ್ತರ 56 ಎಂದುಕೊಂಡರೆ ಮೊದಲಿಗೆ ಕಾಣುವುದು 694 ಮಾತ್ರ. ಪುಟದ ತಳದಿಂದ 16 ಪಿಕ್ಸೆಲ್ ಮೇಲೆ 48 ಪಿಕ್ಸೆಲ್ ಎತ್ತರದ ಬಟನ್ ಇಟ್ಟರೆ ಅದು 686ರಿಂದ 734ರವರೆಗೆ ಹರಡಿರುತ್ತದೆ. ಕಣ್ಣಿಗೆ ಬೀಳುವುದು ಮೇಲಿನ 8 ಪಿಕ್ಸೆಲ್‌ಗಳ ಸಣ್ಣ ಪಟ್ಟಿಯಷ್ಟೇ.

ಬ್ರೌಸರ್ ತಯಾರಕರು ಇದನ್ನು ಗೊತ್ತಿದ್ದೇ ಹೀಗೆ ಮಾಡಿದರು. ಬಾರ್ ಸರಿದಂತೆಲ್ಲ `vh` ಬದಲಾದರೆ, ಓದುತ್ತಿರುವಾಗಲೇ ಇಡೀ ಪುಟವನ್ನು ಮತ್ತೆ ಮತ್ತೆ ಜೋಡಿಸಬೇಕಾಗುತ್ತದೆ. ಅಕ್ಷರ, ಚಿತ್ರಗಳು ಕಣ್ಣೆದುರೇ ಕುಣಿಯುತ್ತವೆ. ಸಫಾರಿ ಹಿಡಿದ ಈ ದಾರಿಯನ್ನೇ 2017ರಲ್ಲಿ ಆಂಡ್ರಾಯ್ಡಿನ ಕ್ರೋಮ್ ಕೂಡ ಹಿಡಿಯಿತು.

2022ರಲ್ಲಿ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರರಲ್ಲೂ ಹೊಸ ಅಳತೆಗಳು ಬಂದವು. ಬಾರ್ ಇದ್ದಾಗಿನ ಸಣ್ಣ ಎತ್ತರಕ್ಕೆ `svh`, ಇಲ್ಲದಾಗಿನ ದೊಡ್ಡ ಎತ್ತರಕ್ಕೆ `lvh`, ಆ ಕ್ಷಣದ ಎತ್ತರಕ್ಕೆ `dvh`. ಮೇಲಿನ ಉದಾಹರಣೆಯಲ್ಲಿ `100svh` ಎಂದರೆ 694, `100lvh` ಎಂದರೆ 750. `100dvh` ಬಾರಿನ ಜೊತೆಗೇ ಬದಲಾಗುತ್ತದೆ.

ಎಲ್ಲ ಕಡೆ `dvh` ಹಾಕಿಬಿಡಬಹುದಲ್ಲ ಎನಿಸುವುದು ಸಹಜ. ಆದರೆ ಅದು ಬದಲಾಗುವಾಗ ಬಟನ್ ಸ್ಥಳ ಬಿಟ್ಟು ಜಿಗಿಯಬಹುದು, ಕೆಳಗಿನ ಬರಹ ಅಲುಗಾಡಬಹುದು. ಲಾಗಿನ್ ಪುಟಕ್ಕೆ ಕದಲದ `svh` ಹೆಚ್ಚು ಒಪ್ಪುತ್ತದೆ:

```css
.login {
  min-height: 100vh;
  min-height: 100svh;
}
```

ಹಳೆಯ ಬ್ರೌಸರಿಗೆ ಎರಡನೇ ಸಾಲು ಅರ್ಥವಾಗುವುದಿಲ್ಲ; ಅದನ್ನು ಬಿಟ್ಟು ಮೊದಲನೆಯದನ್ನು ಪಾಲಿಸುತ್ತದೆ. `height` ಬದಲು `min-height` ಇರುವುದರಿಂದ ವಿಷಯ ಹೆಚ್ಚಾದರೆ ಪುಟವೂ ಬೆಳೆಯುತ್ತದೆ.

ಕೀಬೋರ್ಡ್ ಸಮಸ್ಯೆ ಮಾತ್ರ ಇದರಿಂದ ಬಗೆಹರಿಯದು. ನಂಬರ್ ತುಂಬಲು ಕೀಬೋರ್ಡ್ ಮೇಲೆದ್ದರೂ ಸಾಮಾನ್ಯವಾಗಿ ಈ ಅಳತೆಗಳು ಕುಗ್ಗುವುದಿಲ್ಲ, ಬಟನ್ ಮತ್ತೆ ಮುಚ್ಚಿಹೋಗಬಹುದು. ಕಂಪ್ಯೂಟರಿನ ಬ್ರೌಸರ್ ಕಿಟಕಿಯನ್ನು ಕಿರಿದಾಗಿಸಿ ಪರೀಕ್ಷಿಸಿದರೂ ಈ ತೊಂದರೆಗಳು ಕಾಣುವುದಿಲ್ಲ, ಅಲ್ಲಿ ಸರಿಯುವ ಬಾರೂ ಇಲ್ಲ, ಏಳುವ ಕೀಬೋರ್ಡೂ ಇಲ್ಲ. ನಿಜವಾದ ಫೋನಿನಲ್ಲೇ ಪುಟ ತೆರೆದು, ಮೇಲೆ ಕೆಳಗೆ ಸರಿಸಿ, ಒಂದು ನಂಬರನ್ನೂ ತುಂಬಿ ನೋಡಬೇಕು.