ನೂರೈವತ್ತು ಪದಗಳಲ್ಲಿ ಒಂದು ಅರ್ಜಿ

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆಯುವವರು ಪಾಲಿಸಬೇಕಾದ ಎರಡು ಮಿತಿಗಳಿವೆ. 2008ರಲ್ಲಿ ತಿದ್ದುಪಡಿಯಾದ ರಾಜ್ಯದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಒಂದಕ್ಕಿಂತ ಹೆಚ್ಚು ವಿಷಯಗಳಿದ್ದರೆ ಸಾರ್ವಜನಿಕ ಮಾಹಿತಿ ಅಧಿಕಾರಿ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವುಗಳಿಗೆ ಬೇರೆ ಅರ್ಜಿ ಹಾಕಿ ಎಂದು ಹೇಳಬಹುದು. ಕೇಂದ್ರ ಸರ್ಕಾರದ 2012ರ ನಿಯಮಗಳು ಇಷ್ಟು ಬಿಗಿಯಾಗಿಲ್ಲ. ಅಲ್ಲಿ ಮಿತಿ 500 ಪದ, ಅದನ್ನು ಮೀರಿದ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ಹಾಗಾಗಿ ನಾಲ್ಕು ಪುಟ ಬರೆದು ತಂದ ಕರಡನ್ನು ಒಂದು ಪುಟಕ್ಕೆ ಇಳಿಸುವ ಕೆಲಸ ಹೆಚ್ಚಾಗಿ ಎದುರಾಗುವುದು ರಾಜ್ಯದ ಕಚೇರಿಗಳಿಗೆ ಅರ್ಜಿ ಹಾಕುವವರಿಗೇ.

ಉದಾಹರಣೆಗೆ ಹಳ್ಳಿಯೊಂದರ ಅರ್ಜಿಯನ್ನು ತೆಗೆದುಕೊಳ್ಳಬಹುದು. ಬಸ್ ನಿಲ್ದಾಣದಿಂದ ಪ್ರೌಢಶಾಲೆಯವರೆಗೆ ಹಾಕಿದ ಡಾಂಬರು ಒಂದೇ ಮಳೆಗಾಲಕ್ಕೆ ಕಿತ್ತುಹೋಗಿದೆ. ಅರ್ಜಿದಾರರು ಬರೆದ ಕರಡು ಸುಮಾರು 400 ಪದಗಳಷ್ಟಿದೆ. ಅದನ್ನು ಭಾಗ ಮಾಡಿ ಎಣಿಸಿದರೆ ಲೆಕ್ಕ ಹೀಗೆ ಬರುತ್ತದೆ: ರಸ್ತೆಯ ಹಿನ್ನೆಲೆ ಮತ್ತು ಊರಿನವರು ಪಟ್ಟ ಪಾಡು 130 ಪದ, ಗುತ್ತಿಗೆದಾರರ ಮೇಲಿನ ದೂರು 90, ಬೀದಿದೀಪ ಮತ್ತು ಚರಂಡಿಯ ಮಾತು 60, ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬೇಕೆಂಬ ಒತ್ತಾಯ 50. ರಸ್ತೆಯ ಬಗ್ಗೆ ಕೇಳಿದ ಮಾಹಿತಿಗೆ ಸಿಕ್ಕಿರುವುದು 70 ಪದ ಮಾತ್ರ. ಯಾವುದಕ್ಕಾಗಿ ಅರ್ಜಿ ಬರೆದರೋ ಅದು ಕರಡಿನ ಆರನೇ ಒಂದು ಭಾಗದಷ್ಟಿದೆ, ಅದೂ ಅಲ್ಲಲ್ಲಿ ಚದುರಿಹೋಗಿದೆ.

ಕರಡು ಇಷ್ಟು ಉಬ್ಬುವುದಕ್ಕೆ ಕಾರಣ ಅರ್ಜಿದಾರರಿಗೆ ಬರೆಯಲು ಬಾರದಿರುವುದಲ್ಲ. ಮನವಿಪತ್ರ ಬರೆದು ಅಭ್ಯಾಸವಾದ ಕೈ ಮಾಹಿತಿ ಅರ್ಜಿಯನ್ನೂ ಮನವಿಯಂತೆಯೇ ಬರೆಯುತ್ತದೆ. ಮನವಿಯಲ್ಲಿ ಕಷ್ಟ ತೋಡಿಕೊಳ್ಳಬೇಕು, ಓದುವವರ ಮನ ಒಲಿಸಬೇಕು. ಮಾಹಿತಿ ಅರ್ಜಿಯಲ್ಲಿ ಇಂಥ ದಾಖಲೆಯ ಪ್ರತಿ ಬೇಕು ಎಂದಷ್ಟೇ ಹೇಳಬೇಕು.

ಮೊದಲು ಪಟ್ಟಿ, ಆಮೇಲೆ ಕತ್ತರಿ

ಕರಡನ್ನು ಮೊದಲ ಸಾಲಿನಿಂದ ಓದುತ್ತಾ ಅಲ್ಲೊಂದು ಇಲ್ಲೊಂದು ಪದ ಹೊಡೆಯುತ್ತಾ ಹೋಗುವುದು ಎಲ್ಲರೂ ಹಿಡಿಯುವ ದಾರಿ. ಹಾಗೆ ಮಾಡಿದರೆ 400 ಪದಗಳ ಕರಡು ಎಷ್ಟು ತಿಣುಕಿದರೂ 320ಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಭಾಗಗಳೂ ಸಮನಾಗಿ ತೆಳುವಾಗುತ್ತವೆ, ಬೇಡದ ಭಾಗ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಕರಡನ್ನು ಪಕ್ಕಕ್ಕಿಟ್ಟು, ಬೇಕಾದ ಅಂಶಗಳನ್ನು ಬೇರೊಂದು ಹಾಳೆಯಲ್ಲಿ ಒಂದೊಂದೇ ಸಾಲಿನಲ್ಲಿ ಬರೆದುಕೊಳ್ಳಬೇಕು.

ಈ ಅರ್ಜಿಯಲ್ಲಿ ಅಂಥ ಅಂಶಗಳು ಆರು: ರಸ್ತೆಗೆ ಎಷ್ಟು ಹಣ ಮಂಜೂರಾಯಿತು, ಕೆಲಸವನ್ನು ಯಾರಿಗೆ ಯಾವ ಷರತ್ತಿನ ಮೇಲೆ ವಹಿಸಿದರು, ಎಷ್ಟು ಕೆಲಸ ನಡೆದಿದೆ ಎಂದು ಅಳತೆ ಬರೆದರು, ಗುಣಮಟ್ಟವನ್ನು ಪರೀಕ್ಷಿಸಿದರೇ, ಎಷ್ಟು ಹಣ ಕೊಟ್ಟರು, ರಸ್ತೆ ಹಾಳಾದರೆ ದುರಸ್ತಿಯ ಹೊಣೆ ಯಾರದು. ಕೊನೆಯವರೆಗೂ ಉಳಿಯಬೇಕಾದದ್ದು ಈ ಹಾಳೆ. ಕರಡು ಎಷ್ಟು ಚಿಕ್ಕದಾದರೂ ಈ ಆರರಲ್ಲಿ ಒಂದೂ ಬಿಟ್ಟುಹೋಗಬಾರದು.

ಬೀದಿದೀಪ ಮತ್ತು ಚರಂಡಿ ಈ ಪಟ್ಟಿಯೊಳಗೆ ಬರುವುದಿಲ್ಲ. ಅವು ಬೇರೆ ವಿಷಯಗಳು. ಅವುಗಳಿಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಬೇರೆ ಅರ್ಜಿ ಹಾಕುವುದೇ ಸರಿ. ಮುಖ್ಯವಾದ ಅಂಶವನ್ನು ಬಿಡಲು ಮನಸ್ಸಾಗದಿದ್ದರೆ ಅದನ್ನು ಬೇರೆ ಅರ್ಜಿಗೆ ಸಾಗಿಸಬಹುದು. ಕರಡಿನಿಂದ 60 ಪದ ಹೋದರೂ ವಿಷಯ ಕೈಬಿಡುವುದಿಲ್ಲ.

ಪದಕ್ಕಿಂತ ಮುಂಚೆ ಪ್ಯಾರಾ

ಎರಡನೆಯ ಹಂತದಲ್ಲಿ ಇಡೀ ಪ್ಯಾರಾಗಳನ್ನು ತೆಗೆಯಬೇಕು. ವಾಕ್ಯ ತಿದ್ದುವ ಕೆಲಸ ಆಮೇಲಿನದು. ತೆಗೆದುಹಾಕಬೇಕಾದ ಪ್ಯಾರಾದ ವಾಕ್ಯಗಳನ್ನು ತಿದ್ದಿ ನಯ ಮಾಡುವುದು ವ್ಯರ್ಥ ಶ್ರಮ. ಅಷ್ಟೇ ಅಲ್ಲ, ಕಷ್ಟಪಟ್ಟು ತಿದ್ದಿದ ಪ್ಯಾರಾವನ್ನು ಬಿಡಲು ಮತ್ತಷ್ಟು ಸಂಕಟವಾಗುತ್ತದೆ.

ಯಾವ ಪ್ಯಾರಾ ಹೋಗಬೇಕು ಎಂಬುದನ್ನು ಇಲ್ಲಿ ಕಾನೂನೇ ತೀರ್ಮಾನಿಸುತ್ತದೆ. ಮಾಹಿತಿ ಹಕ್ಕು ಅಧಿನಿಯಮ 2005ರ 6(2)ನೇ ಕಲಮಿನಂತೆ ಅರ್ಜಿದಾರರು ಮಾಹಿತಿ ಏಕೆ ಬೇಕು ಎಂಬ ಕಾರಣ ಹೇಳಬೇಕಾಗಿಲ್ಲ. ಅಲ್ಲಿಗೆ ಹಿನ್ನೆಲೆಯ 130 ಪದಗಳು ಅನಗತ್ಯವಾದವು. ಅಧಿನಿಯಮ ಕೊಡುವುದು ಕಚೇರಿಯಲ್ಲಿರುವ ದಾಖಲೆಯನ್ನು ಪಡೆಯುವ ಹಕ್ಕನ್ನು, ಕ್ರಮ ಕೈಗೊಳ್ಳುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ಆದ್ದರಿಂದ ದೂರಿನ 90 ಮತ್ತು ಒತ್ತಾಯದ 50 ಪದಗಳಿಗೂ ಇಲ್ಲಿ ಜಾಗವಿಲ್ಲ. ಆ ಮಾತುಗಳು ಸುಳ್ಳೆಂದಲ್ಲ. ದಾಖಲೆ ಕೈಗೆ ಬಂದ ಮೇಲೆ ಬರೆಯುವ ದೂರಿನಲ್ಲಿ ಅವಕ್ಕೆ ಬಲ ಹೆಚ್ಚು. ಕತ್ತರಿಸಿದ ಭಾಗವನ್ನು ಹರಿದೆಸೆಯದೆ ಬೇರೆ ಹಾಳೆಯಲ್ಲಿ ಇಟ್ಟುಕೊಂಡರೆ ಕತ್ತರಿಸುವ ಕೈಗೂ ಧೈರ್ಯ ಬರುತ್ತದೆ.

ಇಷ್ಟಾದಾಗ ಒಂದು ವಾಕ್ಯವನ್ನೂ ತಿದ್ದದೆ ಕರಡು 400ರಿಂದ 70 ಪದಕ್ಕೆ ಇಳಿದಿರುತ್ತದೆ. ಮಿತಿಯ ಸಮಸ್ಯೆ ಇಲ್ಲಿಗೇ ಮುಗಿಯಿತು. ಆದರೂ ಉಳಿದ ಭಾಗದಲ್ಲಿ ಆರು ಅಂಶಗಳು ಸ್ಪಷ್ಟವಾಗಿ ಬಂದಿವೆಯೇ ಎಂದು ನೋಡಬೇಕು.

ವಾಕ್ಯದೊಳಗಿನ ಹೊಟ್ಟು

ಕರಡಿನಲ್ಲಿ ಹಣ ಪಾವತಿಯ ಬಗ್ಗೆ ಇದ್ದ ವಾಕ್ಯ ಇದು:

"ಸದರಿ ರಸ್ತೆ ಕಾಮಗಾರಿಗೆ ಸಂಬಂಧಪಟ್ಟಂತೆ ತಮ್ಮ ಕಚೇರಿಯ ವತಿಯಿಂದ ಗುತ್ತಿಗೆದಾರರಿಗೆ ಒಟ್ಟಾರೆಯಾಗಿ ಎಷ್ಟು ಮೊತ್ತದ ಹಣವನ್ನು ಯಾವ ಯಾವ ದಿನಾಂಕಗಳಂದು ಪಾವತಿ ಮಾಡಲಾಗಿರುತ್ತದೆ ಎಂಬುದರ ಬಗ್ಗೆ ಸಂಪೂರ್ಣವಾದ ಹಾಗೂ ಸಮಗ್ರವಾದ ಮಾಹಿತಿಯನ್ನು ದಯಮಾಡಿ ಒದಗಿಸಿಕೊಡಬೇಕಾಗಿ ಈ ಮೂಲಕ ಕೋರಿಕೊಳ್ಳುತ್ತೇನೆ."

ಇದರಲ್ಲಿ 28 ಪದಗಳಿವೆ. ಕಚೇರಿ ಕನ್ನಡದ ಹೊಟ್ಟು ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಈ ಒಂದೇ ವಾಕ್ಯ ತೋರಿಸುತ್ತದೆ. "ಸಂಪೂರ್ಣವಾದ ಹಾಗೂ ಸಮಗ್ರವಾದ" ಎಂಬಲ್ಲಿ ಒಂದೇ ಅರ್ಥ ಎರಡು ಸಲ ಬಂದಿದೆ. "ಪಾವತಿಸಿದ" ಎಂದರೆ ಮುಗಿಯುವ ಮಾತು "ಪಾವತಿ ಮಾಡಲಾಗಿರುತ್ತದೆ ಎಂಬುದರ ಬಗ್ಗೆ" ಎಂದು ಎಳೆದುಕೊಂಡಿದೆ. "ಸದರಿ ರಸ್ತೆ ಕಾಮಗಾರಿಗೆ ಸಂಬಂಧಪಟ್ಟಂತೆ" ಎಂಬುದು ಕರಡಿನ ಪ್ರತಿ ಪ್ರಶ್ನೆಯಲ್ಲೂ ಮರುಕಳಿಸಿದೆ. ಅದನ್ನು ಅರ್ಜಿಯ ತಲೆಯಲ್ಲಿ ಒಮ್ಮೆ ಹೇಳಿದರೆ ಸಾಕು.

ಇನ್ನೊಂದು ಉಳಿತಾಯ ಕಚೇರಿಯ ಕೆಲಸ ಬಲ್ಲವರಿಗೆ ಮಾತ್ರ ಸಿಗುತ್ತದೆ. ಎಷ್ಟು ಹಣ, ಯಾರಿಗೆ, ಯಾವ ದಿನ ಎಂಬುದೆಲ್ಲ ಬಿಲ್ ಮತ್ತು ವೋಚರಿನಲ್ಲೇ ಇರುತ್ತದೆ. ದಾಖಲೆಯ ಹೆಸರು ಗೊತ್ತಿದ್ದರೆ ಅದರೊಳಗಿನ ವಿವರಗಳನ್ನು ಬಿಡಿಸಿ ಕೇಳಬೇಕಾಗಿಲ್ಲ. "ಗುತ್ತಿಗೆದಾರರಿಗೆ ಹಣ ಪಾವತಿಸಿದ ಎಲ್ಲ ಬಿಲ್ ಮತ್ತು ವೋಚರ್‌ಗಳು" ಎಂಬ ಏಳು ಪದಗಳು ಆ 28 ಪದಗಳ ಕೆಲಸ ಮಾಡುತ್ತವೆ. "ಎಷ್ಟು ಉದ್ದ, ಎಷ್ಟು ದಪ್ಪ ಡಾಂಬರು ಹಾಕಿದ್ದಾರೆ" ಎಂಬ ಪ್ರಶ್ನೆಗಳ ಸಾಲಿಗೆ ಬದಲಾಗಿ ಅಳತೆ ಪುಸ್ತಕದ ಪುಟಗಳನ್ನು ಕೇಳಬಹುದು. "ರಸ್ತೆ ಏಕೆ ಹಾಳಾಯಿತು" ಎಂಬ ಪ್ರಶ್ನೆಗಂತೂ ಹೀಗೆ ರೂಪ ಬದಲಿಸದೆ ಉತ್ತರವೇ ಬರುವುದಿಲ್ಲ. ಕಚೇರಿ ತನ್ನಲ್ಲಿಲ್ಲದ ಮಾಹಿತಿಯನ್ನು ಸೃಷ್ಟಿಸಿಕೊಡಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಶ್ನೆಯ ಜಾಗದಲ್ಲಿ ಗುಣಮಟ್ಟ ಪರೀಕ್ಷೆಯ ವರದಿ ಕೇಳಿದರೆ ಕಾರಣವನ್ನು ಅರ್ಜಿದಾರರೇ ಓದಿಕೊಳ್ಳಬಹುದು.

ತಿದ್ದಿದ ಅರ್ಜಿಯ ಮುಖ್ಯ ಭಾಗ ಹೀಗಾಗುತ್ತದೆ:

"……… ಗ್ರಾಮದ ಬಸ್ ನಿಲ್ದಾಣದಿಂದ ಸರ್ಕಾರಿ ಪ್ರೌಢಶಾಲೆವರೆಗಿನ ರಸ್ತೆಯಲ್ಲಿ 2023–24ನೇ ಸಾಲಿನಲ್ಲಿ ನಡೆದ ಡಾಂಬರು ಕಾಮಗಾರಿಯ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು:
1. ಮಂಜೂರಾದ ಅಂದಾಜು ಪಟ್ಟಿ.
2. ಕಾರ್ಯಾದೇಶ.
3. ಅಳತೆ ಪುಸ್ತಕದಲ್ಲಿ ಈ ಕಾಮಗಾರಿಯ ಪುಟಗಳು.
4. ಗುಣಮಟ್ಟ ಪರೀಕ್ಷೆಯ ವರದಿಗಳು.
5. ಗುತ್ತಿಗೆದಾರರಿಗೆ ಹಣ ಪಾವತಿಸಿದ ಎಲ್ಲ ಬಿಲ್ ಮತ್ತು ವೋಚರ್‌ಗಳು.
6. ಗುತ್ತಿಗೆ ಒಪ್ಪಂದದಲ್ಲಿ ದುರಸ್ತಿಯ ಹೊಣೆ ಮತ್ತು ಅವಧಿಯನ್ನು ನಮೂದಿಸಿರುವ ಪುಟಗಳು."

ಊರಿನ ಹೆಸರನ್ನು ಒಂದು ಪದವೆಂದು ಹಿಡಿದರೆ ಇದು 44 ಪದ. ಮೊದಲ ಹಾಳೆಯಲ್ಲಿ ಬರೆದುಕೊಂಡ ಆರೂ ಅಂಶಗಳು ಇದರಲ್ಲಿವೆ.

ಅತಿಯಾಗಿ ಕತ್ತರಿಸಿದರೆ

ಮಿತಿಗಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಭಾವಿಸುವುದೂ ತಪ್ಪು. "ನಮ್ಮೂರ ರಸ್ತೆಯ ಎಲ್ಲ ದಾಖಲೆ ಕೊಡಿ" ಎಂಬ ಐದು ಪದಗಳ ಅರ್ಜಿ ಚಿಕ್ಕದು ನಿಜ, ಆದರೆ ಯಾವ ರಸ್ತೆ, ಯಾವ ವರ್ಷ, ಯಾವ ದಾಖಲೆ ಎಂಬುದು ಅದರಲ್ಲಿಲ್ಲ. ಇಂಥ ಅರ್ಜಿಗೆ "ಮಾಹಿತಿ ಅಸ್ಪಷ್ಟವಾಗಿದೆ" ಎಂಬ ಉತ್ತರ ಬಂದರೆ ಮೂವತ್ತು ದಿನ ಕಾದದ್ದು ವ್ಯರ್ಥವಾಗುತ್ತದೆ. ಊರು, ರಸ್ತೆಯ ಆರಂಭ ಮತ್ತು ಕೊನೆ, ವರ್ಷ, ದಾಖಲೆಯ ಹೆಸರು, "ದೃಢೀಕೃತ ಪ್ರತಿ" ಎಂಬ ಮಾತು, ಇವು ಎಷ್ಟೇ ಬಿಗಿಯಾದರೂ ಮುಟ್ಟಬಾರದ ಪದಗಳು. ಒಂದು ಪದವನ್ನು ತೆಗೆದಾಗ ಉತ್ತರ ಕೊಡುವವರು ಬೇರೆ ಕಡತ ತೆಗೆಯುವ ಸಾಧ್ಯತೆ ಹುಟ್ಟಿದರೆ ಆ ಪದ ಉಳಿಯಬೇಕು. ಹುಟ್ಟದಿದ್ದರೆ ಅದು ಹೊಟ್ಟು.

ಕನ್ನಡದಲ್ಲಿ ಇನ್ನೊಂದು ಆಮಿಷವಿದೆ. ಪದಗಳ ನಡುವಿನ ಜಾಗ ತೆಗೆದು "ಗುಣಮಟ್ಟಪರೀಕ್ಷಾವರದಿಪ್ರತಿಗಳು" ಎಂದು ಕೂಡಿಸಿ ಬರೆದರೆ ನಾಲ್ಕು ಪದ ಒಂದಾಗಿ ಲೆಕ್ಕ ಇಳಿಯುತ್ತದೆ. ಆದರೆ ಹಾಗೆ ಬರೆದರೆ ಓದುವವರು ಅದನ್ನು ಬಿಡಿಸಿಕೊಳ್ಳಲು ಒದ್ದಾಡಬೇಕು, ಅರ್ಜಿಯ ಹೊರೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ರೂಢಿಯಲ್ಲಿ ಬಿಡಿಯಾಗಿ ಬರೆಯುವ ಪದಗಳನ್ನು ಬಿಡಿಯಾಗಿಯೇ ಬರೆದು ಎಣಿಸುವುದು ಪ್ರಾಮಾಣಿಕ ಲೆಕ್ಕ.

ಇನ್ನು 106 ಪದಗಳಿಗೆ ಜಾಗವಿದೆ. ಕಾಮಗಾರಿಯ ಸಂಖ್ಯೆ ಗೊತ್ತಿದ್ದರೆ ಅದನ್ನು ಸೇರಿಸಬಹುದು. ಅಧಿನಿಯಮದಲ್ಲಿ ಕಡತವನ್ನು ಕಣ್ಣಾರೆ ನೋಡುವ ಹಕ್ಕೂ ಇರುವುದರಿಂದ "ಕಡತ ಪರಿಶೀಲನೆಗೆ ದಿನ ಮತ್ತು ಸಮಯ ತಿಳಿಸಬೇಕು" ಎಂಬ ಏಳನೆಯ ಸಾಲನ್ನೂ ಬರೆಯಬಹುದು. ಮೂಲ ಕರಡಿನಲ್ಲಿ ಈ ಕೋರಿಕೆ ಇರಲೇ ಇಲ್ಲ. ಬೇಡದ್ದು ಹೋದ ಮೇಲೆ ಬಿಟ್ಟುಹೋಗಿದ್ದ ಅಗತ್ಯದ ಮಾತಿಗೆ ಜಾಗ ಸಿಕ್ಕಿತು.

ಕೊನೆಗೆ ಒಂದು ಪರೀಕ್ಷೆ ಉಳಿದಿದೆ. ಮೂಲ ಕರಡನ್ನು ನೋಡದವರೊಬ್ಬರ ಕೈಗೆ ತಿದ್ದಿದ ಅರ್ಜಿ ಕೊಟ್ಟು, ಇದರಲ್ಲಿ ಏನೇನು ಕೇಳಲಾಗಿದೆ ಎಂದು ಬಾಯಿಬಿಟ್ಟು ಹೇಳಿಸಬೇಕು. ಅವರು ಹೇಳಿದ್ದನ್ನು ಮೊದಲ ಹಾಳೆಯ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಯಾವುದಾದರೂ ಅಂಶ ಅವರ ಬಾಯಲ್ಲಿ ಬರದಿದ್ದರೆ ಕತ್ತರಿ ಆಡಬಾರದ ಕಡೆ ಆಡಿದೆ ಎಂದರ್ಥ, ಅಲ್ಲಿ ಪದಗಳನ್ನು ಮರಳಿ ಸೇರಿಸಬೇಕು. ಎಲ್ಲವೂ ಬಂದರೆ ಅರ್ಜಿಗೆ ಸಹಿ ಹಾಕಬಹುದು.